ಹೋಟೆಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು: ತೀವ್ರ ಆಹಾರ ಅಲರ್ಜಿ ಇರುವವರಿಗೆ

ಹಾಲಿನ ಅಲರ್ಜಿ ಇರುವವರು ಹೊರಗೆ ಊಟಕ್ಕೆ ಹೋದಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಇದರಲ್ಲಿ ಹಾಲು ಇದೆಯಾ?" ಬಡಿಸುವವರು ಆ ಪದಾರ್ಥವನ್ನು ಒಮ್ಮೆ ನೆನೆಸಿಕೊಂಡು "ಇಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳಿರುವುದಿಲ್ಲ. ಅವರ ಮನಸ್ಸಿನಲ್ಲಿ ಹಾಲು ಎಂದರೆ ಲೋಟದಲ್ಲಿ ಕುಡಿಯುವ ಹಾಲು. ಕೋಳಿಯನ್ನು ಒಲೆಯಿಂದ ಇಳಿಸುವ ಮುಂಚೆ ಸವರುವ ಬೆಣ್ಣೆ, ಸಾಸಿನ ಪುಡಿಯಲ್ಲಿ ಬೆರೆತಿರುವ ಹಾಲೊಡಕಿನ ಪುಡಿ, ಬೆಳಗಿನಿಂದ ಚೀಸ್ ತುಂಡುಗಳನ್ನು ಕರಿದ ಎಣ್ಣೆ, ಇವು ಯಾವುವೂ ಆ ಪ್ರಶ್ನೆಯ ಒಳಗೆ ಬರುವುದಿಲ್ಲ.

ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನೇ ಬಿಟ್ಟುಬಿಡಿ ಎನ್ನುವುದು ನನ್ನ ಮೊದಲ ಸಲಹೆ. "ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿ, ಆಹಾರ ಫ್ರಿಜ್ಜಿನಿಂದ ಹೊರಟು ನಿಮ್ಮ ತಟ್ಟೆಗೆ ಬರುವವರೆಗಿನ ದಾರಿಯನ್ನು ಅವರ ಬಾಯಿಂದಲೇ ಹೇಳಿಸಿ. ಇಲ್ಲಿ ಹಾಲಿನ ಅಲರ್ಜಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಹಾಲು ಹೋಟೆಲಿನ ಅಡುಗೆಮನೆಯಲ್ಲಿ ನೂರು ರೂಪದಲ್ಲಿ ಅಡಗಿರುತ್ತದೆ, ಅದನ್ನು ಹುಡುಕುವುದು ಗೊತ್ತಾದರೆ ಕಡಲೆಕಾಯಿ, ಮೊಟ್ಟೆ, ಎಳ್ಳು, ಸಿಗಡಿ ಯಾವುದಿದ್ದರೂ ದಾರಿ ಇದೇ.

ಹೊರಡುವ ಮುಂಚೆ ಒಂದು ಫೋನ್

ಊಟದ ಗದ್ದಲದ ಹೊತ್ತಿನಲ್ಲಿ ಫೋನ್ ಮಾಡಿದರೆ ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ಶುರುವಾಗುವ ಹೊತ್ತು ಒಳ್ಳೆಯದು, ಆಗ ಅಡುಗೆಯವರಿಗೂ ಸ್ವಲ್ಪ ಬಿಡುವಿರುತ್ತದೆ. ಫೋನ್ ಎತ್ತಿದವರಿಗೆ ಎಲ್ಲವನ್ನೂ ವಿವರಿಸಬೇಕಿಲ್ಲ. "ಅಡುಗೆಮನೆಯ ಜವಾಬ್ದಾರಿ ಇರುವವರ ಹತ್ತಿರ ಅಲರ್ಜಿ ವಿಷಯ ಮಾತಾಡಬೇಕಿತ್ತು" ಎಂದು ನೇರವಾಗಿ ಹೇಳಿ. ಅವರು ಸಿಕ್ಕಾಗ ಕೇಳಬೇಕಾದದ್ದು ಮೂರು: ಅಲರ್ಜಿ ಇರುವವರಿಗೆ ಬೇರೆ ಪಾತ್ರೆಯಲ್ಲಿ, ಬೇರೆ ಮಣೆಯ ಮೇಲೆ ಅಡುಗೆ ಮಾಡಿಕೊಡುವ ಪದ್ಧತಿ ನಿಮ್ಮಲ್ಲಿ ಇದೆಯೇ? ಕರಿಯುವ ಎಣ್ಣೆ ಎಲ್ಲದಕ್ಕೂ ಒಂದೆಯೇ? ನಾವು ಬರುವ ಹೊತ್ತಿಗೆ ಇದೆಲ್ಲ ತಿಳಿದ ಯಾರಾದರೂ ಅಲ್ಲಿ ಇರುತ್ತಾರೆಯೇ?

ಮೂರನೆಯದನ್ನು ಅನೇಕರು ಮರೆಯುತ್ತಾರೆ. ಹಗಲು ಪಾಳಿಯ ಅಡುಗೆಯವರು ಕೊಟ್ಟ ಮಾತು ರಾತ್ರಿ ಪಾಳಿಯವರಿಗೆ ಗೊತ್ತಿರುವುದಿಲ್ಲ. ಹೆಸರು ಬರೆದುಕೊಳ್ಳಿ, ಅವರ ಕೈಯಲ್ಲಿ ಬುಕಿಂಗಿನ ಎದುರು ಅಲರ್ಜಿಯ ವಿಷಯ ಬರೆಸಿ. ಸಾಧ್ಯವಾದರೆ ಹೋಟೆಲ್ ತೆರೆದ ಕೂಡಲೇ ಹೋಗಿ. ಆ ಹೊತ್ತಿಗೆ ಮಣೆ, ಇಕ್ಕಳ, ಕಾವಲಿ ಎಲ್ಲವೂ ತೊಳೆದಿಟ್ಟದ್ದಾಗಿರುತ್ತವೆ.

ಬಫೆ ಊಟ ಬೇಡ ಎನ್ನಲು ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಒಂದು ಪಾತ್ರೆಯ ಸೌಟು ಇನ್ನೊಂದು ಪಾತ್ರೆಗೆ ಹೋಗುವುದನ್ನು ಯಾವ ಸಿಬ್ಬಂದಿಯೂ ತಡೆಯಲಾರರು. ತೀವ್ರ ಅಲರ್ಜಿ ಇದ್ದರೆ ಬೇಡ.

ಮೊದಲ ಮಾತು ಹೇಗಿರಬೇಕು

ಕುಳಿತ ಮೇಲೆ, ಮೆನು ಬಿಡಿಸುವ ಮುಂಚೆಯೇ ಹೇಳಿ. ಆರ್ಡರ್ ಕೊಟ್ಟಾದ ಮೇಲೆ ಕೊನೆಯಲ್ಲಿ ಸೇರಿಸಿದ ಮಾತು ಅಡುಗೆಮನೆಗೆ ತಲುಪುವಷ್ಟರಲ್ಲಿ ಅರ್ಧ ಬಿದ್ದುಹೋಗುತ್ತದೆ. ಮಾತಿನಲ್ಲಿ ಎರಡು ವಿಷಯ ಸ್ಪಷ್ಟವಾಗಿರಲಿ: ಯಾವ ಪದಾರ್ಥ, ತಿಂದರೆ ಏನಾಗುತ್ತದೆ.

"ನನ್ನ ಮಗಳಿಗೆ ಹಾಲಿನ ಅಲರ್ಜಿ ಇದೆ. ಬೆಣ್ಣೆ, ತುಪ್ಪ, ಮೊಸರು, ಚೀಸ್, ಕೆನೆ, ಹಾಲಿನ ಪುಡಿ ಯಾವುದೂ ಆಗಲ್ಲ. ಸ್ವಲ್ಪ ತಾಗಿದ್ದು ಹೊಟ್ಟೆಗೆ ಹೋದರೂ ಉಸಿರಾಟಕ್ಕೆ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ."

ಹೀಗೆ ಪಟ್ಟಿ ಮಾಡಿ ಹೇಳಲು ಕಾರಣವಿದೆ. "ಹಾಲು ಆಗಲ್ಲ" ಎಂದಷ್ಟೇ ಹೇಳಿದರೆ ಕೇಳಿದವರು ಅದನ್ನು ಹಾಲು ಜೀರ್ಣವಾಗದ ತೊಂದರೆ ಎಂದುಕೊಳ್ಳಬಹುದು. ಅದು ಲ್ಯಾಕ್ಟೋಸ್ ಎಂಬ ಸಕ್ಕರೆಗೆ ಸಂಬಂಧಿಸಿದ್ದು, ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ, ಆದರೆ ಜೀವಕ್ಕೆ ಅಪಾಯವಿಲ್ಲ. ಅಲರ್ಜಿ ಹಾಲಿನ ಪ್ರೋಟೀನಿಗೆ ಆಗುವಂಥದ್ದು. "ಚಿಂತೆ ಬೇಡ, ಲ್ಯಾಕ್ಟೋಸ್ ಇಲ್ಲದ ಕೆನೆ ಹಾಕುತ್ತೇವೆ" ಎಂಬ ಉತ್ತರ ಬಂದರೆ ಅವರಿಗೆ ವಿಷಯ ತಪ್ಪಾಗಿ ತಲುಪಿದೆ ಎಂದೇ ಅರ್ಥ. ಆ ಕೆನೆಯಲ್ಲಿ ಹಾಲಿನ ಪ್ರೋಟೀನ್ ಪೂರ್ತಿ ಇರುತ್ತದೆ. ಅಲ್ಲಿಗೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿ.

ಉಳಿದ ಅಲರ್ಜಿಗಳಿಗೂ ಇಂಥ ಒಂದೊಂದು ಗೊಂದಲ ಅಂಟಿಕೊಂಡಿರುತ್ತದೆ. "ನಟ್ಸ್ ಇಲ್ಲ" ಎಂದವರು ಗೋಡಂಬಿ, ಬಾದಾಮಿಯನ್ನು ಮಾತ್ರ ನೆನೆದಿರಬಹುದು, ಕಡಲೆಕಾಯಿಯನ್ನು ಅಲ್ಲ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ ಎನ್ನುವುದು ಬಹಳ ಜನರಿಗೆ ಹೊಳೆಯುವುದಿಲ್ಲ. ಆದ್ದರಿಂದ ನಿಮ್ಮ ಅಲರ್ಜಿಯ ಪದಾರ್ಥ ಯಾವ ಯಾವ ಹೆಸರಿನಲ್ಲಿ ಬರುತ್ತದೋ ಅಷ್ಟನ್ನೂ ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು, ಅದು ಅಡುಗೆಯವರ ಕೈಗೇ ತಲುಪಲಿ ಎಂದು ಕೇಳಿಕೊಳ್ಳಿ. ಬೇರೆ ಭಾಷೆಯ ಊರಿಗೆ ಹೋದರೆ ಅಲ್ಲಿಯ ಭಾಷೆಯಲ್ಲಿ ಬರೆಸಿಕೊಂಡು ಹೋಗಿ.

ಏನೇನು ಹಾಕುತ್ತಾರೆ

ಸರಳವಾದ ತಿನಿಸನ್ನು ಆರಿಸಿಕೊಳ್ಳಿ, ಆಮೇಲೆ ಅದನ್ನು ಭಾಗ ಭಾಗವಾಗಿ ಕೇಳಿ. ಮುಖ್ಯ ಪದಾರ್ಥವನ್ನು ಮೊದಲೇ ಏನಾದರೂ ಹಚ್ಚಿ ನೆನೆಸಿಟ್ಟಿದ್ದಾರೆಯೇ, ಯಾವುದರಲ್ಲಿ? ಬೇಯಿಸುವಾಗ ಯಾವ ಎಣ್ಣೆ? ಒಲೆಯಿಂದ ಇಳಿಸುವಾಗ ಮೇಲೆ ಏನಾದರೂ ಹಾಕುತ್ತಾರೆಯೇ? ಸಾಸ್, ಸೂಪಿನ ಸಾರ, ಮಸಾಲೆ ಪುಡಿ ಇಲ್ಲೇ ಮಾಡಿದ್ದೋ, ಬಾಟಲಿಯಿಂದ ಬಂದದ್ದೋ?

ಕೊನೆಗೆ ಮೇಲೆ ಹಾಕುವುದರ ಬಗ್ಗೆ ವಿಶೇಷವಾಗಿ ಕೇಳಬೇಕು. ಬೆಣ್ಣೆಯ ಒಂದು ತುಂಡನ್ನು ಬಿಸಿ ಮಾಂಸದ ಮೇಲೆ ಕರಗಿಸುವುದು, ಬನ್ನಿನ ಮೇಲೆ ಸವರುವುದು, ತರಕಾರಿಗೆ ಹೊಳಪು ಬರಲೆಂದು ಹಾಕುವುದು ಅಡುಗೆಯವರಿಗೆ ಉಪ್ಪು ಹಾಕಿದಷ್ಟು ಅಭ್ಯಾಸವಾಗಿರುತ್ತದೆ. ಹೀಗಾಗಿ ಮೆನುವಿನಲ್ಲೂ ಇರುವುದಿಲ್ಲ, ಕೇಳದೆ ಅವರ ಬಾಯಿಗೂ ಬರುವುದಿಲ್ಲ.

ಬಾಟಲಿ, ಪೊಟ್ಟಣದಲ್ಲಿ ಬಂದದ್ದಾದರೆ ಉತ್ತರವನ್ನು ನಂಬುವುದಕ್ಕಿಂತ ಲೇಬಲ್ ಓದುವುದು ಮೇಲು. "ಆ ಬಾಟಲಿ ಒಮ್ಮೆ ತಂದು ತೋರಿಸುತ್ತೀರಾ, ನಾನೇ ಓದುತ್ತೇನೆ" ಎಂದರೆ ಬಹುತೇಕರು ತರುತ್ತಾರೆ. ಹಾಲಿನ ಅಲರ್ಜಿಯವರು ಅದರಲ್ಲಿ ವೇ ಅಥವಾ ಹಾಲೊಡಕು, ಕೇಸಿನ್, ಕೇಸಿನೇಟ್, ಮಿಲ್ಕ್ ಸಾಲಿಡ್ಸ್ ಎಂಬ ಹೆಸರುಗಳನ್ನು ಹುಡುಕಬೇಕು. ಇಂದು ತಂದ ಬಾಟಲಿ ಹೋದ ತಿಂಗಳ ಕಂಪನಿಯದ್ದೇ ಆಗಿರಬೇಕೆಂದಿಲ್ಲ, ಅದೇ ಕಂಪನಿಯೂ ತಯಾರಿಕೆ ಬದಲಿಸಿರಬಹುದು. ಹಿಂದಿನ ಸಲ ಇಲ್ಲೇ ಇದನ್ನೇ ತಿಂದು ಏನೂ ಆಗಿರಲಿಲ್ಲ ಎನ್ನುವುದು ಈ ದಿನದ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಮೆನುವಿನ "ವೀಗನ್" ಗುರುತನ್ನೂ ಅಳತೆ ಮೀರಿ ನಂಬಬೇಡಿ. ಪಾಕದಲ್ಲಿ ಹಾಲು ಸೇರಿಸಿಲ್ಲ ಎಂದಷ್ಟೇ ಅದು ಹೇಳುತ್ತದೆ. ಬೆಣ್ಣೆ ಹಾಕಿದ ಕಾವಲಿಯ ಮೇಲೇ ಅದನ್ನೂ ಬೇಯಿಸಿರಬಹುದು.

ಏನೇನು ತಾಗುತ್ತದೆ

ಹೆಚ್ಚಿನವರು ಪದಾರ್ಥದ ಪ್ರಶ್ನೆಗೇ ನಿಲ್ಲಿಸುತ್ತಾರೆ. ಆದರೆ ಪಾಕದಲ್ಲಿ ಇಲ್ಲದ್ದು ತಟ್ಟೆಗೆ ಬರುವುದು ಅಡುಗೆಮನೆಯಲ್ಲಿ. ಒಂದು ಪದಾರ್ಥದ ಪ್ರೋಟೀನ್ ಕೈ, ಪಾತ್ರೆ, ಎಣ್ಣೆಗಳ ಮೂಲಕ ಇನ್ನೊಂದಕ್ಕೆ ದಾಟುವುದನ್ನು ಕ್ರಾಸ್ ಕಾಂಟ್ಯಾಕ್ಟ್ ಎನ್ನುತ್ತಾರೆ. ರೋಗಾಣುಗಳಾದರೆ ಚೆನ್ನಾಗಿ ಬೇಯಿಸಿದಾಗ ಸಾಯುತ್ತವೆ. ಅಲರ್ಜಿ ತರುವ ಪ್ರೋಟೀನಿನ ವಿಷಯದಲ್ಲಿ ಬೇಯಿಸಿದ್ದೇವೆ ಎಂಬ ಭರವಸೆ ಕೆಲಸಕ್ಕೆ ಬರುವುದಿಲ್ಲ. "ಕುದಿಯುವ ಎಣ್ಣೆಯಲ್ಲಿ ಎಲ್ಲ ಸುಟ್ಟುಹೋಗುತ್ತೆ ಸರ್" ಎಂಬ ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ತಪ್ಪು.

ಅದರಲ್ಲೂ ಕರಿಯುವ ಎಣ್ಣೆಯನ್ನು ಮೊದಲು ವಿಚಾರಿಸಿ. ಆಲೂಗಡ್ಡೆಯ ತುಂಡುಗಳಲ್ಲಿ ಆಲೂಗಡ್ಡೆ ಮತ್ತು ಉಪ್ಪಷ್ಟೇ ಇದ್ದರೂ, ಚೀಸ್ ತುಂಬಿದ ತಿನಿಸನ್ನೋ ಹಿಟ್ಟಿನಲ್ಲಿ ಅದ್ದಿದ ಮೀನನ್ನೋ ಕರಿದ ಎಣ್ಣೆಗೆ ಅವು ಬಿದ್ದರೆ ಮುಗಿಯಿತು. "ಈ ಎಣ್ಣೆಯಲ್ಲಿ ಇವತ್ತು ಬೇರೆ ಏನೇನು ಕರಿದಿದ್ದೀರಿ?" ಎಂದು ಕೇಳಿ. "ಆಲೂಗಡ್ಡೆಗೆ ಬೇರೆಯೇ ಫ್ರೈಯರ್ ಇದೆ" ಎಂದರೆ ಇನ್ನೊಂದು ಪ್ರಶ್ನೆ ಉಳಿದಿದೆ: ಎಣ್ಣೆ ಸೋಸಿದ ಮೇಲೆ ಒಂದರದ್ದನ್ನು ಇನ್ನೊಂದಕ್ಕೆ ಸುರಿಯುತ್ತಾರೆಯೇ? ಖರ್ಚು ಉಳಿಸಲು ಹಾಗೆ ಮಾಡುವ ಅಡುಗೆಮನೆಗಳಿವೆ. ಕರಿಯುವ ಜಾಲರಿ ಬುಟ್ಟಿಗಳು ಅದಲು ಬದಲಾಗುವುದೂ ಉಂಟು. ಹೊರಗಿನವರು ಇದನ್ನು ಕೇಳುತ್ತಾರೆಂದು ಅಡುಗೆಯವರು ಎಣಿಸಿರುವುದಿಲ್ಲ, ಹಾಗಾಗಿ ಉತ್ತರ ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ ಬರುತ್ತದೆ.

ಎರಡನೆಯದು ಕಾವಲಿ ಮತ್ತು ಗ್ರಿಲ್. ಚೀಸ್ ಕರಗಿ ಬಿದ್ದ ಕಂಬಿಗಳನ್ನು ಕೆರೆದರೆ ಕಣ್ಣಿಗೆ ಶುಚಿಯಾಗಿ ಕಾಣುತ್ತವೆ, ಪ್ರೋಟೀನ್ ಹೋಗಿರುವುದಿಲ್ಲ. ಇಲ್ಲಿ ಕೇಳಬೇಕಾದದ್ದು: "ಸೋಪು ನೀರಿನಲ್ಲಿ ತೊಳೆದ ಬೇರೆ ಬಾಣಲೆಯಲ್ಲಿ ಬೇಯಿಸಿಕೊಡಲು ಆಗುತ್ತದೆಯೇ?" ಈ ಬೇಡಿಕೆಯನ್ನು ಎಂಥ ಚಿಕ್ಕ ಅಡುಗೆಮನೆಯೂ ಪೂರೈಸಬಹುದು. ಬಾಣಲೆಯ ಜೊತೆಗೆ ಇಕ್ಕಳ, ಚಾಕು, ಮಣೆಯೂ ತೊಳೆದದ್ದೇ ಆಗಬೇಕು ಎಂದು ಸೇರಿಸಿ.

ಮೂರನೆಯದು ಕೈಗಳು. ಕೈಗವಸು ಹಾಕಿಕೊಂಡಿದ್ದೇವೆ ಎಂದರೆ ಸಾಲದು, ಅದೇ ಕೈಗವಸಿನಲ್ಲಿ ಚೀಸ್ ಮುಟ್ಟಿರಬಹುದು. ಸ್ಯಾನಿಟೈಸರ್ ರೋಗಾಣುಗಳಿಗೆ ಸರಿ, ಅಲರ್ಜಿಯ ಪ್ರೋಟೀನನ್ನು ತೆಗೆಯುವುದಿಲ್ಲ. ಸೋಪು ನೀರಿನಲ್ಲಿ ಕೈ ತೊಳೆದು ಹೊಸ ಕೈಗವಸು ಹಾಕಿಕೊಳ್ಳುವಂತೆ ಕೇಳಿಕೊಳ್ಳಿ. ಒಣ ಬಟ್ಟೆಯಲ್ಲಿ ಮಣೆ ಒರೆಸುವುದೂ ಅಷ್ಟೇ: ಒಂದು ಕಡೆ ಇದ್ದದ್ದನ್ನು ಇನ್ನಷ್ಟು ಅಗಲಕ್ಕೆ ಹರಡುತ್ತದೆ.

ಅಲರ್ಜಿ ಬೇರೆಯಾದರೆ ವಿಚಾರಿಸಬೇಕಾದ ಜಾಗವೂ ಬದಲಾಗುತ್ತದೆ. ಗೋಧಿಯಾದರೆ ಪಾಸ್ತಾ ಬೇಯಿಸಿದ ನೀರು, ಬ್ರೆಡ್ ಟೋಸ್ಟರ್. ಬೀಜಗಳಾದರೆ ಮಿಕ್ಸರ್ ಜಾರು ಮತ್ತು ಸಿಹಿ ತಿನಿಸಿನ ಮೇಜು. ಮೀನು, ಸಿಗಡಿಯಾದರೆ ಬೇಯುವಾಗ ಏಳುವ ಹಬೆಯೇ ಕೆಲವರಿಗೆ ಸಾಕಾಗುತ್ತದೆ, ಎದುರಿಗೇ ಬೇಯಿಸುವ ಜಾಗದಿಂದ ದೂರ ಕೂರಿಸಲು ಹೇಳಿ.

ಒಂದು ಆರ್ಡರ್, ಮೊದಲಿನಿಂದ ಕೊನೆಯವರೆಗೆ

ಹಾಲಿನ ಅಲರ್ಜಿ ಇರುವ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಾಳೆ ಎಂದುಕೊಳ್ಳಿ. ಗ್ರಿಲ್ ಮಾಡಿದ ಕೋಳಿ, ಕರಿದ ಆಲೂಗಡ್ಡೆ, ಸಲಾಡ್ ಬೇಕು. ಮೆನು ನೋಡಿದರೆ ಮೂರರಲ್ಲೂ ಹಾಲಿನ ಸುಳಿವಿಲ್ಲ.

"ಕೋಳಿ ಹೇಗೆ ಮಾಡ್ತೀರಿ ಅಂತ ಸ್ವಲ್ಪ ಹೇಳ್ತೀರಾ?"

"ಗ್ರಿಲ್ ಮೇಲೆ ಸುಡ್ತೀವಿ ಮೇಡಂ, ಅಷ್ಟೇ."

"ಅದಕ್ಕೆ ಮುಂಚೆ ನೆನೆಸಿಡ್ತೀರಾ?"

"ಬೆಳಿಗ್ಗೆಯೇ ಮಸಾಲೆ ಹಚ್ಚಿ ಇಟ್ಟಿರ್ತಾರೆ. ಏನು ಹಾಕ್ತಾರೋ ಕೇಳ್ಕೊಂಡು ಬರ್ತೀನಿ."

ಕೇಳಿಕೊಂಡು ಬರುತ್ತೇನೆ ಎನ್ನುವವರು ಸಿಕ್ಕರೆ ನಿಮ್ಮ ಅದೃಷ್ಟ. ಒಳಗಿನಿಂದ ಬಂದ ಉತ್ತರ: ಎಣ್ಣೆ, ನಿಂಬೆರಸ, ಬೆಳ್ಳುಳ್ಳಿ, ಮೆಣಸು, ಉಪ್ಪು. ಮೊಸರಿಲ್ಲ. ಹಾಗಾದರೆ ಸುಟ್ಟ ಮೇಲೆ?

"ಇಳಿಸುವಾಗ ಬೆಣ್ಣೆ ಸವರ್ತಾರಂತೆ. ನಿಮ್ಮದಕ್ಕೆ ಬೇಡ ಅಂತ ಹೇಳ್ತೀನಿ."

ಬೆಣ್ಣೆ ಬಿಟ್ಟರೂ ಗ್ರಿಲ್ ಉಳಿಯಿತು. ಎಲ್ಲ ಕೋಳಿಗೂ ಅಲ್ಲೇ ಬೆಣ್ಣೆ ಸವರಿದ್ದರೆ ಕಂಬಿಗಳ ತುಂಬ ಅದೇ ಇರುತ್ತದೆ. ಸವರುವ ಕುಂಚ, ತಿರುಗಿಸುವ ಇಕ್ಕಳ ಎರಡಕ್ಕೂ ಬೆಣ್ಣೆ ಅಂಟಿದೆ. ತಾಯಿ ಕೇಳಬೇಕಾದದ್ದು ತೊಳೆದ ಬಾಣಲೆ, ತೊಳೆದ ಇಕ್ಕಳ, ಹೊಸದಾಗಿ ಸುರಿದ ಎಣ್ಣೆ. ಗ್ರಿಲ್ಲಿನ ರುಚಿ ಬರುವುದಿಲ್ಲ, ಅದನ್ನು ಮಗಳಿಗೆ ಅಲ್ಲೇ ಹೇಳಿಬಿಡುವುದು ಒಳ್ಳೆಯದು.

ಆಲೂಗಡ್ಡೆಗೆ ಒಂದೇ ಫ್ರೈಯರ್, ಅದರಲ್ಲಿ ಚೀಸ್ ತುಂಡುಗಳನ್ನೂ ಕರಿಯುತ್ತಾರೆ ಎಂದು ತಿಳಿಯಿತು. ಅದು ಬೇಡ. ಬದಲಿಗೆ ಆಲೂಗಡ್ಡೆ ಬೇಯಿಸಿ ಹಿಸುಕಿದ್ದು ಕೊಡುತ್ತೇವೆ ಎಂದರು. ವಿಚಾರಿಸಿದರೆ ಅದನ್ನು ಬೆಳಿಗ್ಗೆಯೇ ಬೆಣ್ಣೆ, ಹಾಲು ಸೇರಿಸಿ ಕಲಸಿ ಇಟ್ಟಿರುತ್ತಾರೆ. ಹಿಂದೆಯೇ ತಯಾರಿಸಿಟ್ಟದ್ದರಿಂದ ಏನನ್ನೂ ತೆಗೆಯಲಾಗುವುದಿಲ್ಲ, ಆದ್ದರಿಂದ "ಇದನ್ನು ಈಗ ಹೊಸದಾಗಿ ಮಾಡ್ತೀರೋ, ಮೊದಲೇ ಮಾಡಿಟ್ಟಿದ್ದೋ?" ಎಂಬ ಪ್ರಶ್ನೆಯನ್ನು ಎಲ್ಲೂ ಬಿಡಬಾರದು. ಕೊನೆಗೆ ಆಲೂಗಡ್ಡೆಯನ್ನು ಬೇರೆ ಪಾತ್ರೆಯಲ್ಲಿ ಉಪ್ಪು ನೀರಿನಲ್ಲಿ ಬೇಯಿಸಿ ಮೇಲೆ ಎಣ್ಣೆ ಹಾಕಿಕೊಡಲು ಒಪ್ಪಿದರು.

ಸಲಾಡಿನ ಮೇಲೆ ಹಾಕುವುದು ಬಾಟಲಿಯದ್ದು. ಬಾಟಲಿ ತರಿಸಿ ಓದಿದಾಗ ಹಾಲೊಡಕಿನ ಪುಡಿ ಕಂಡಿತು. ಅದು ಬೇಡ, ನಿಂಬೆಹಣ್ಣು, ಎಣ್ಣೆ, ಉಪ್ಪು ಸಾಕು. ತರಕಾರಿಯೂ ಬೆಳಿಗ್ಗೆಯೇ ಹೆಚ್ಚಿದ್ದು, ಅದರ ಡಬ್ಬಿಯ ಪಕ್ಕದಲ್ಲೇ ತುರಿದ ಚೀಸಿನ ಡಬ್ಬಿ. ಒಂದೇ ಕೈ ಎರಡಕ್ಕೂ ಹೋಗುತ್ತದೆ. ಹೊಸ ಸೌತೆಕಾಯಿ, ಟೊಮೆಟೊ ತೊಳೆದು ತೊಳೆದ ಮಣೆಯ ಮೇಲೆ ಹೆಚ್ಚಿಸಬೇಕಾಯಿತು.

ಮೆನುವಿನ ಪ್ರಕಾರ ಹಾಲೇ ಇಲ್ಲದ ಮೂರು ತಿನಿಸುಗಳಲ್ಲಿ ಒಂದೂ ಇದ್ದ ಹಾಗೆ ತಿನ್ನುವಂತಿರಲಿಲ್ಲ. ಆದರೂ ಕೊನೆಗೆ ಊಟ ಸಿಕ್ಕಿತು, ಹತ್ತು ನಿಮಿಷದ ಮಾತಿನಲ್ಲಿ.

ಉತ್ತರವನ್ನು ತೂಗುವುದು

ನಾನು ಗಮನಿಸುವುದು ಉತ್ತರ ಎಷ್ಟು ಬೇಗ ಬಂತು ಎನ್ನುವುದನ್ನು. ಯೋಚಿಸದೆ "ಏನೂ ಆಗಲ್ಲ, ತಿನ್ನಿ" ಎಂದವರಿಗಿಂತ "ಗೊತ್ತಿಲ್ಲ, ಕೇಳಬೇಕು" ಎಂದವರ ಹೋಟೆಲಿನಲ್ಲಿ ಹೆಚ್ಚು ನಿಶ್ಚಿಂತೆಯಿಂದ ಕೂರಬಹುದು. "ಇರಲಿಕ್ಕಿಲ್ಲ", "ಸಾಮಾನ್ಯವಾಗಿ ಹಾಕಲ್ಲ" ಎಂಬ ಉತ್ತರಗಳನ್ನು "ಇದೆ" ಎಂದೇ ತೆಗೆದುಕೊಳ್ಳಿ. ಎರಡು ಸಲ ಕೇಳಿದಾಗ ಎರಡು ಬೇರೆ ಉತ್ತರ ಬಂದರೆ ಎದ್ದು ಹೊರಡುವುದೇ ಸರಿ. "ಹಾಲಿನ ಅಲರ್ಜಿಗೆ ನಮ್ಮಲ್ಲಿ ಸುರಕ್ಷಿತವಾಗಿ ಮಾಡಿಕೊಡಲು ಆಗುವುದಿಲ್ಲ" ಎಂದು ನೇರವಾಗಿ ಹೇಳುವ ಹೋಟೆಲುಗಳೂ ಇವೆ. ಬೇಸರವಾಗುತ್ತದೆ ನಿಜ, ಆದರೆ ಅವರು ನಿಮಗೆ ಉಪಕಾರ ಮಾಡಿದ್ದಾರೆ. ಧನ್ಯವಾದ ಹೇಳಿ ಹೊರಡಿ.

ಸಿಹಿ ತಿನಿಸುಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಅನೇಕ ಕಡೆ ಅವು ಹೊರಗಿನಿಂದ ಬಂದವು, ಅಲ್ಲಿನವರಿಗೇ ಒಳಗೇನಿದೆ ಗೊತ್ತಿರುವುದಿಲ್ಲ. ಐಸ್‌ಕ್ರೀಮ್ ತೆಗೆಯುವ ಚಮಚ ಒಂದೇ ನೀರಿನಲ್ಲಿ ಅದ್ದಿ ಎಲ್ಲ ಡಬ್ಬಿಗಳಿಗೂ ಹೋಗುತ್ತದೆ. ಕಣ್ಣೆದುರು ಕತ್ತರಿಸಿದ ಹಣ್ಣು ಸಾಕು.

ತಟ್ಟೆ ಬಂದ ಮೇಲೆ

ತಟ್ಟೆ ತಂದವರು ಆರ್ಡರ್ ತೆಗೆದುಕೊಂಡವರೇ ಆಗಿರಬೇಕೆಂದಿಲ್ಲ. ಕೆಳಗಿಡುವಾಗಲೇ ಕೇಳಿ: "ಇದು ಹಾಲು ಆಗದವರಿಗೆ ಬೇರೆ ಮಾಡಿದ್ದು ತಾನೇ? ಬೇರೆ ಬಾಣಲೆಯಲ್ಲೇ ಮಾಡಿದ್ರಾ?" ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರು ಬರುವವರೆಗೆ ಕಾಯಿರಿ.

ತಪ್ಪಾಗಿ ಬಂದಿದ್ದರೆ, ಸಲಾಡಿನ ಮೇಲೆ ಚೀಸ್ ಉದುರಿಸಿ ತಂದರೆ ಅನ್ನಿ, ಅದನ್ನು ಆರಿಸಿ ತೆಗೆದರೆ ಸರಿಹೋಗುವುದಿಲ್ಲ. ಪೂರ್ತಿ ಹೊಸದಾಗಿ ಮಾಡಬೇಕು ಎಂದು ಹೇಳಿ. ಹೊಸ ತಟ್ಟೆ ಬರುವವರೆಗೆ ತಪ್ಪಾದ ತಟ್ಟೆಯನ್ನು ಮೇಜಿನ ಮೇಲೇ ಉಳಿಸಿಕೊಳ್ಳಿ. ಅದು ಒಳಗೆ ಹೋದರೆ ಅವಸರದಲ್ಲಿ ಯಾರೋ ಚೀಸ್ ಕೆರೆದು ಅದನ್ನೇ ವಾಪಸ್ ಕಳಿಸುವ ಸಾಧ್ಯತೆ ಇರುತ್ತದೆ.

ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಕಾರಿನಲ್ಲೋ ಕೋಣೆಯಲ್ಲೋ ಇರಬಾರದು, ಮೇಜಿನ ಬಳಿಯೇ ಇರಬೇಕು. ಒಂದು ಸಾಲದೆ ಹೋಗಬಹುದು, ಎರಡು ಇಟ್ಟುಕೊಳ್ಳಿ. ಇಂಜೆಕ್ಷನ್ ಕೈಯಲ್ಲಿ ಇಲ್ಲದ ದಿನ ಮೇಲಿನ ಪ್ರಶ್ನೆಗಳಿಗೆಲ್ಲ ಒಳ್ಳೆಯ ಉತ್ತರ ಸಿಕ್ಕರೂ ಹೊರಗೆ ತಿನ್ನಬೇಡಿ. ಊಟದ ನಡುವೆ ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ನಾಲಿಗೆ ಊದಿಕೊಂಡರೆ, ತಲೆಸುತ್ತು ಬಂದು ಕುಸಿದರೆ, ಮೈಮೇಲೆ ದದ್ದು ಎದ್ದು ಜೊತೆಗೆ ವಾಂತಿಯಾದರೆ ತಡಮಾಡದೆ ತೊಡೆಯ ಹೊರಭಾಗಕ್ಕೆ ಇಂಜೆಕ್ಷನ್ ಕೊಡಿ. ಅಲರ್ಜಿ ಮಾತ್ರೆ ನುಂಗಿಸಿ ನೋಡೋಣ ಎಂದು ಕಾಯಬೇಡಿ, ಮಾತ್ರೆ ಈ ಕೆಲಸ ಮಾಡುವುದಿಲ್ಲ. ಎದ್ದು ಶೌಚಾಲಯಕ್ಕೆ ನಡೆದು ಹೋಗಲು ಬಿಡಬೇಡಿ, ಅಲ್ಲೇ ಮಲಗಿಸಿ. ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಆಂಬ್ಯುಲೆನ್ಸ್ ಕರೆಯಿರಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ, ವೈದ್ಯರು ಹೇಳಿಕೊಟ್ಟಂತೆ ಎರಡನೆಯ ಇಂಜೆಕ್ಷನ್. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಮೇಲೆ ಲಕ್ಷಣಗಳು ಮರಳಿ ಬರುವುದುಂಟು.

ಅದಕ್ಕೇ ಸಿಬ್ಬಂದಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಗೊತ್ತಿಲ್ಲದ ಜಾಗಕ್ಕೆ ಹೋದಾಗ ಊಟಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ: ಈ ಹೋಟೆಲಿನ ಪೂರ್ತಿ ವಿಳಾಸ ಏನು, ಆಂಬ್ಯುಲೆನ್ಸ್ ಬಂದರೆ ಯಾವ ಬಾಗಿಲಿಗೆ ಬರಬೇಕು?